60ಕ್ಕೆ ನಿವೃತ್ತಿ, ಈಗ ಮನೆ ಖರ್ಚು 40 ಸಾವಿರ: ಎಷ್ಟು ಇಡುಗಂಟು ಬೇಕು, ತಿಂಗಳಿಗೆ ಎಷ್ಟು ಹಾಕಬೇಕು?

ಮಂಜು_ಮೈಸೂರು

ಎಲ್ಲರಿಗೂ ನಮಸ್ಕಾರ. ನನಗೆ 38 ವರ್ಷ. ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಖಾಸಗಿ ಕಾರ್ಖಾನೆಯೊಂದರಲ್ಲಿ ಕೆಲಸ. 60ಕ್ಕೆ ನಿವೃತ್ತಿ ಅಂದುಕೊಂಡಿದ್ದೇನೆ. ಸರ್ಕಾರಿ ಪಿಂಚಣಿ ಇಲ್ಲ. ಪಿ.ಎಫ್.ನಲ್ಲಿ ಈಗ 9 ಲಕ್ಷ ಇದೆ. ಮೂಲ ವೇತನ 30,000. ನನ್ನ ಪಾಲು, ಕಂಪನಿಯ ಪಾಲು ಸೇರಿ ತಿಂಗಳಿಗೆ 5,950 ಪಿ.ಎಫ್. ಖಾತೆಗೆ ಬೀಳುತ್ತದೆ.

ತಿಂಗಳಿಗೆ ಮನೆಯಿಂದ ಹೊರಗೆ ಹೋಗುವ ಹಣ 68,000. ಅದರಲ್ಲಿ 19,000 ಮನೆ ಸಾಲದ ಕಂತು, ಇನ್ನು 9 ವರ್ಷ ಇದೆ. ಮಗಳ ಶಾಲೆ, ಟ್ಯೂಷನ್ 9,000. ಉಳಿದ 40,000 ದಿನಸಿ, ಹಾಲು, ಗ್ಯಾಸ್, ಕರೆಂಟು, ಪೆಟ್ರೋಲ್, ಔಷಧಿ, ಹಬ್ಬ ಹುಣ್ಣಿಮೆ, ಊರಿಗೆ ಹೋಗಿಬರುವುದು.

ಮೊಬೈಲ್‌ನಲ್ಲಿ ಸಿಗುವ ಕ್ಯಾಲ್ಕುಲೇಟರ್‌ಗಳಲ್ಲಿ ಹಾಕಿ ನೋಡಿದರೆ ಒಂದು 1.2 ಕೋಟಿ ಸಾಕು ಅನ್ನುತ್ತದೆ, ಇನ್ನೊಂದು 4 ಕೋಟಿ ದಾಟಿಸುತ್ತದೆ. ಯಾವುದನ್ನು ನಂಬಬೇಕು ಅಂತ ಗೊತ್ತಾಗುತ್ತಿಲ್ಲ. ಲೆಕ್ಕ ಹೇಗೆ ಮಾಡುತ್ತಾರೆ ಅಂತ ಯಾರಾದರೂ ಬಿಡಿಸಿ ಹೇಳುತ್ತೀರಾ?

ನಿವೃತ್ತ_ಮೇಷ್ಟ್ರು

ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಡಿ ತಮ್ಮಾ. ನಾನು ಶಿರಸಿ ಕಡೆ ಪ್ರೌಢಶಾಲೆಯಲ್ಲಿ ಮೇಷ್ಟ್ರಾಗಿದ್ದೆ. ಪಿಂಚಣಿ ಬರುತ್ತದೆ, ಅದರ ಮೇಲೆ ತುಟ್ಟಿಭತ್ಯೆ ಬರುತ್ತದೆ. ಬೆಲೆ ಏರಿದ ಹಾಗೆ ಅದೂ ಏರುತ್ತದೆ. ನಿವೃತ್ತಿಯಾದಾಗ ಬಂದ ಗ್ರಾಚ್ಯುಟಿಯನ್ನು ಅಂಚೆ ಕಚೇರಿಯಲ್ಲಿ ಇಟ್ಟೆ. ಕೋಟಿ ಗೀಟಿ ಏನೂ ಬೇಕಾಗಲಿಲ್ಲ. ಸರಳವಾಗಿ ಬದುಕಿದರೆ ಸಾಕು.

ಶಿವಯೋಗಿ_ದಾವಣಗೆರೆ

ಲೆಕ್ಕ ಸುಲಭ ಇದೆ ಮಂಜು ಅವರೇ. ನಾನು ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದೇನೆ, ಬಡ್ಡಿ ಲೆಕ್ಕ ದಿನಾ ಮಾಡುತ್ತೇನೆ. ಇವತ್ತಿನ 40,000 ಇನ್ನು 22 ವರ್ಷಕ್ಕೆ ಎಷ್ಟಾಗುತ್ತದೆ ನೋಡಿ. ವರ್ಷಕ್ಕೆ ನೂರಕ್ಕೆ 6ರಂತೆ ಏರಿದರೆ ತಿಂಗಳಿಗೆ 1,44,000 ಚಿಲ್ಲರೆ. ವರ್ಷಕ್ಕೆ 17.3 ಲಕ್ಷ. ಬ್ಯಾಂಕಿನ ಎಫ್‌ಡಿಯಲ್ಲಿ 7 ಪರ್ಸೆಂಟ್ ಬಡ್ಡಿ ಹಿಡಿಯಿರಿ. 17.3 ಲಕ್ಷ ಬಡ್ಡಿ ಬರಬೇಕಾದರೆ ಅಸಲು 2.47 ಕೋಟಿ ಇರಬೇಕು. ಅಸಲು ಮುಟ್ಟುವ ಹಾಗಿಲ್ಲ, ಬಡ್ಡಿಯಲ್ಲೇ ಜೀವನ. ಅಸಲು ಮಗಳಿಗೆ ಉಳಿಯುತ್ತದೆ. ಮುಗೀತು.

ವಸುಧಾ_ಲೆಕ್ಕ

ಶಿವಯೋಗಿ ಅವರ ಲೆಕ್ಕದ ಮೊದಲ ಅರ್ಧ ಸರಿಯಾಗಿದೆ. ಎರಡನೇ ಅರ್ಧದಲ್ಲಿ ಒಂದು ವಿಷಯ ಬಿಟ್ಟುಹೋಗಿದೆ. ನಾನು ಪಿಂಚಣಿ ಟ್ರಸ್ಟ್‌ಗಳ ಲೆಕ್ಕಪತ್ರ ವಿಭಾಗದಲ್ಲಿ ತುಂಬಾ ವರ್ಷ ಕೆಲಸ ಮಾಡಿದವಳು. ಎಲ್ಲರೂ ಬಿಡುವುದು ಇದೊಂದನ್ನೇ.

ಬೆಲೆ ಏರಿಕೆ 60ನೇ ವರ್ಷಕ್ಕೆ ನಿಲ್ಲುವುದಿಲ್ಲ. 61ಕ್ಕೂ ಏರುತ್ತದೆ, 75ಕ್ಕೂ ಏರುತ್ತದೆ. ಆದರೆ 2.47 ಕೋಟಿಯ ಬಡ್ಡಿ ವರ್ಷಾ ವರ್ಷ ಅದೇ 17.3 ಲಕ್ಷ. ಮೊದಲ ವರ್ಷ ಸರಿಹೋಗುತ್ತದೆ. ಆರನೇ ವರ್ಷಕ್ಕೆ ಅದೇ ಸಂಸಾರಕ್ಕೆ 23 ಲಕ್ಷ ಬೇಕು. ಹನ್ನೆರಡನೇ ವರ್ಷಕ್ಕೆ ಸುಮಾರು 33 ಲಕ್ಷ. ಆಗ ಅಸಲಿಗೆ ಕೈ ಹಾಕಲೇಬೇಕು. ಅಸಲು ಕರಗಿದ ಹಾಗೆ ಬಡ್ಡಿಯೂ ಕಡಿಮೆ ಆಗುತ್ತದೆ. ಕೂತು ಲೆಕ್ಕ ಹಾಕಿದರೆ 15 ವರ್ಷ ದಾಟಿದ ಮೇಲೆ ಗಂಟು ಖಾಲಿ. ಅಂದರೆ ಮಂಜು ಅವರಿಗೆ 75 ಆದಾಗ ಕೈಯಲ್ಲಿ ಏನೂ ಇರುವುದಿಲ್ಲ.

ಮೇಷ್ಟ್ರೇ, ನಿಮ್ಮ ಮಾತಿನಲ್ಲೇ ಇದಕ್ಕೆ ಉತ್ತರ ಇದೆ. ನಿಮಗೆ ಮೂಲ ಪಿಂಚಣಿಗಿಂತ ಹೆಚ್ಚು ಬೆಲೆಬಾಳುವುದು ಆ ತುಟ್ಟಿಭತ್ಯೆ. ನಿಮ್ಮ ತುಟ್ಟಿಭತ್ಯೆಯನ್ನು ಸರ್ಕಾರ ಕೊಡುತ್ತದೆ. ಮಂಜು ತಮ್ಮ ತುಟ್ಟಿಭತ್ಯೆಯನ್ನು ತಾವೇ ಮುಂಚೆಯೇ ಕೂಡಿಡಬೇಕು. 2.47 ಕೋಟಿಯಲ್ಲಿ ಪಿಂಚಣಿ ಇದೆ, ತುಟ್ಟಿಭತ್ಯೆ ಇಲ್ಲ.

ನಿವೃತ್ತ_ಮೇಷ್ಟ್ರು

ಹಾಗೆ ಹೇಳಿದರೆ ಅರ್ಥ ಆಯಿತಮ್ಮ. ನನ್ನ ಮಗ 2012ರಲ್ಲಿ ಸರ್ಕಾರಿ ಕೆಲಸಕ್ಕೆ ಸೇರಿದ. ಏಪ್ರಿಲ್ 2006ರಿಂದ ಈಚೆಗೆ ಸೇರಿದವರಿಗೆಲ್ಲ ಎನ್‌ಪಿಎಸ್. ಅವನಿಗೆ ನನ್ನ ಹಾಗೆ ಪಿಂಚಣಿ ಇಲ್ಲ ಅಂತ ಒದ್ದಾಡುತ್ತಿರುತ್ತಾನೆ. ಅವನಿಗೂ ಇದೇ ಲೆಕ್ಕವಾ?

ವಸುಧಾ_ಲೆಕ್ಕ

ಹೌದು ಮೇಷ್ಟ್ರೇ. ಎನ್‌ಪಿಎಸ್‌ನಲ್ಲಿ ಕೊನೆಗೆ ಸಿಗುವುದು ಒಂದು ಗಂಟು. ಅದರಲ್ಲಿ ಒಂದು ಪಾಲಿನಿಂದ ಆನ್ಯುಟಿ ಕೊಳ್ಳಬೇಕು. ಸಾಮಾನ್ಯ ಆನ್ಯುಟಿಯಲ್ಲಿ ತಿಂಗಳಿಗೆ ಬರುವ ಮೊತ್ತ ಬೆಲೆ ಏರಿದ ಹಾಗೆ ಏರುವುದಿಲ್ಲ. ಹಾಗಾಗಿ ಲೆಕ್ಕ ಇದೇ. ಆ ಆನ್ಯುಟಿಯನ್ನು ಮೊದಲ ವರ್ಷದ ಖರ್ಚಿನಿಂದ ಸುಮ್ನೆ ಕಳೆದುಬಿಟ್ಟರೆ ತಪ್ಪಾಗುತ್ತದೆ.

ಮಂಜು, ಈಗ ನಿಮ್ಮದಕ್ಕೆ ಬರೋಣ. ಎರಡು ಮೆಟ್ಟಿಲು ಇದೆ.

ಮೊದಲನೆಯದು, ನಿವೃತ್ತಿಯ ಮೊದಲ ವರ್ಷದ ಖರ್ಚು. ನೀವು 68,000 ಹಾಕದೆ 40,000 ಹಿಡಿದಿದ್ದು ಸರಿ. 60ಕ್ಕೆ ಸಾಲದ ಕಂತೂ ಇರುವುದಿಲ್ಲ, ಶಾಲೆ ಫೀಸೂ ಇರುವುದಿಲ್ಲ. ವರ್ಷಕ್ಕೆ 4.8 ಲಕ್ಷ, 22 ವರ್ಷ 6 ಪರ್ಸೆಂಟ್ ಏರಿದರೆ 3.6 ಪಟ್ಟು. ಅಂದರೆ 17.3 ಲಕ್ಷ.

ಎರಡನೆಯದು, ಅದು ಮುಂದೆಯೂ 6 ಪರ್ಸೆಂಟ್ ಏರುತ್ತಾ 25 ವರ್ಷ ನಡೆಯಬೇಕಾದರೆ 60ನೇ ವರ್ಷದ ದಿನ ಎಷ್ಟು ಇರಬೇಕು ಅನ್ನುವುದು. ಗಂಟು 7 ಬೆಳೆಯುತ್ತದೆ, ಖರ್ಚು 6 ಬೆಳೆಯುತ್ತದೆ. ನಿಜವಾಗಿ ಉಳಿಯುವ ಬೆಳವಣಿಗೆ ಒಂದು ಪರ್ಸೆಂಟಿಗೂ ಸ್ವಲ್ಪ ಕಡಿಮೆ, 0.94. ಲೆಕ್ಕದಲ್ಲಿ ಈ 0.94 ಅನ್ನೇ ಬಡ್ಡಿ ದರ ಅಂತ ಹಾಕಬೇಕು. ಎಕ್ಸೆಲ್‌ನಲ್ಲಿ ಎರಡು ಸಾಲು ಸಾಕು:

```
=40000*12*(1+6%)^22
=PV((1+7%)/(1+6%)-1, 25, -1729700, 0, 1)
```

ಕೊನೆಯ 1 ಯಾಕೆ ಅಂದರೆ, ವರ್ಷದ ಖರ್ಚಿನ ಹಣವನ್ನು ವರ್ಷದ ಶುರುವಿನಲ್ಲೇ ತೆಗೆದಿಟ್ಟುಕೊಳ್ಳುತ್ತೀರಿ ಅಂತ. ಉತ್ತರ 3.87 ಕೋಟಿ. ಮೊದಲ ವರ್ಷದ ಖರ್ಚಿನ 22.4 ಪಟ್ಟು. ಶಿವಯೋಗಿ ಅವರ 2.47 ಕೋಟಿಗೂ ಇದಕ್ಕೂ ಇರುವ 1.4 ಕೋಟಿ ವ್ಯತ್ಯಾಸವೇ ನಿಮ್ಮ ತುಟ್ಟಿಭತ್ಯೆ.

ಕಿರಣ್_ಬಿಟಿಎಂ

ಇಷ್ಟೆಲ್ಲ ಯಾಕೆ ಮೇಡಂ? ವರ್ಷದ ಖರ್ಚಿನ 25 ಪಟ್ಟು ಇದ್ದರೆ ಸಾಕು ಅಂತ ಎಲ್ಲರೂ ಹೇಳುತ್ತಾರೆ. 4 ಪರ್ಸೆಂಟ್ ರೂಲ್. 4.8 ಲಕ್ಷಕ್ಕೆ 25 ಪಟ್ಟು ಅಂದರೆ 1.2 ಕೋಟಿ. ಮಂಜು ಅವರಿಗೆ ಮೊದಲ ಕ್ಯಾಲ್ಕುಲೇಟರ್ ಕೊಟ್ಟಿದ್ದೂ ಅದೇ ಇರಬೇಕು.

ವಸುಧಾ_ಲೆಕ್ಕ

25 ಪಟ್ಟು ಯಾವ ವರ್ಷದ ಖರ್ಚಿಗೆ ಕಿರಣ್? ಅದು ನಿವೃತ್ತಿ ಶುರುವಾಗುವ ವರ್ಷದ ಖರ್ಚಿಗೆ. ಇವತ್ತೇ ಕೆಲಸ ಬಿಡುವವರಿಗೆ 1.2 ಕೋಟಿ. 22 ವರ್ಷ ಆದ ಮೇಲೆ ಬಿಡುವವರಿಗೆ 17.3 ಲಕ್ಷದ 25 ಪಟ್ಟು, 4.32 ಕೋಟಿ. ಮಂಜು ಅವರು ನೋಡಿದ ಎರಡು ಉತ್ತರಗಳ ಜಗಳ ಬಹುಶಃ ಇಲ್ಲೇ ಬಗೆಹರಿಯುತ್ತದೆ.

ಇನ್ನೊಂದು ಮಾತು. ಆ 4 ಪರ್ಸೆಂಟ್ ಹೇಳಿದ್ದು ಅಮೆರಿಕದ ಹಣಕಾಸು ಸಲಹೆಗಾರ ವಿಲಿಯಂ ಬೆಂಗೆನ್, 1994ರಲ್ಲಿ. ಅವರು ನೋಡಿದ್ದು ಅಮೆರಿಕದ ಷೇರು, ಬಾಂಡ್‌ಗಳ ಇತಿಹಾಸ, 30 ವರ್ಷದ ನಿವೃತ್ತಿ. ಅಲ್ಲಿಯ ಬೆಲೆ ಏರಿಕೆ ಬೇರೆ, ಇಲ್ಲಿಯದು ಬೇರೆ. ನಮ್ಮ ಲೆಕ್ಕದಲ್ಲಿ 22ರಿಂದ 26 ಪಟ್ಟು ಬರುವುದರಿಂದ ಹತ್ತಿರ ಕಾಣುತ್ತದೆ ಅಷ್ಟೇ. ಅದನ್ನು ನಿಯಮ ಅಂತ ಹಿಡಿಯುವುದಕ್ಕಿಂತ ನಮ್ಮ ನಮ್ಮ ಅಂಕಿ ಹಾಕಿ ನೋಡುವುದು ಮೇಲು.

ಮಂಜು_ಮೈಸೂರು

ತುಂಬಾ ಥ್ಯಾಂಕ್ಸ್ ಮೇಡಂ. 3.87 ಕೋಟಿ ನೋಡಿ ಎದೆ ಝಲ್ ಅಂದಿತು. ಆದರೆ ಎಲ್ಲಿಂದ ಬಂತು ಅಂತ ಈಗ ಕಾಣುತ್ತಿದೆ. 6 ಪರ್ಸೆಂಟ್ ಯಾಕೆ ಹಿಡಿದಿರಿ? ರಿಸರ್ವ್ ಬ್ಯಾಂಕಿನ ಗುರಿ 4 ಅಲ್ವಾ? ಮತ್ತೆ ಪಿ.ಎಫ್. ಅನ್ನು ಎಲ್ಲಿ ಕಳೆಯಬೇಕು?

ವಸುಧಾ_ಲೆಕ್ಕ

ರಿಸರ್ವ್ ಬ್ಯಾಂಕಿನ ಗುರಿ 4, ಅದರ ಆಚೆ ಈಚೆ 2 ಪರ್ಸೆಂಟ್ ಬಿಡುವು. ಅಂದರೆ 6 ಅನ್ನುವುದು ಆ ಪಟ್ಟಿಯ ಮೇಲಂಚು. ದೂರದ ಲೆಕ್ಕಕ್ಕೆ ಮೇಲಂಚು ಹಿಡಿಯುವುದು ನನ್ನ ಅಭ್ಯಾಸ. ಅದಕ್ಕೂ ಮುಖ್ಯ ಕಾರಣ ಬೇರೆ. ಸರ್ಕಾರದ ಸೂಚ್ಯಂಕ ಇಡೀ ದೇಶದ ಸರಾಸರಿ ಸಂಸಾರದ್ದು. ನಿಮ್ಮ ಮನೆಯಲ್ಲಿ ಆಸ್ಪತ್ರೆ, ಔಷಧಿ, ಮನೆಗೆಲಸದವರ ಸಂಬಳದ ಪಾಲು ವಯಸ್ಸಾದ ಹಾಗೆ ಜಾಸ್ತಿ ಆಗುತ್ತದೆ. ನಿಮ್ಮ ಹಳೆಯ ಜಮಾಖರ್ಚಿನ ಪುಸ್ತಕ ಇದ್ದರೆ ತೆಗೆದು ನೋಡಿ. ನಿಮ್ಮ ಮನೆಯ ದರ ನಿಮಗೇ ಸಿಗುತ್ತದೆ.

ಈ ಒಂದು ಅಂಕಿಯ ಬಗ್ಗೆ ಯಾಕೆ ಇಷ್ಟು ಹೇಳುತ್ತೇನೆ ಅಂದರೆ ಇದು ಎರಡು ಕಡೆ ಹೊಡೆಯುತ್ತದೆ. 60ರ ತನಕವೂ ಖರ್ಚು ಏರಿಸುತ್ತದೆ, ಆಮೇಲೂ ಏರಿಸುತ್ತದೆ. 5 ಹಾಕಿದರೆ ನಿಮಗೆ ಬೇಕಾದ್ದು 2.82 ಕೋಟಿ. 6ಕ್ಕೆ 3.87. 7 ಹಾಕಿದರೆ 5.32 ಕೋಟಿ. 7ರಲ್ಲಿ ಲೆಕ್ಕ ಬಾಯಲ್ಲೇ ಮಾಡಬಹುದು ನೋಡಿ. ಗಂಟೂ 7 ಬೆಳೆಯುತ್ತದೆ, ಖರ್ಚೂ 7 ಬೆಳೆಯುತ್ತದೆ, ಒಂದನ್ನೊಂದು ಹೊಡೆದುಹಾಕುತ್ತದೆ. ಹಾಗಾಗಿ ಮೊದಲ ವರ್ಷದ ಖರ್ಚಿಗೆ 25 ವರ್ಷದಿಂದ ಗುಣಿಸಿದರೆ ಮುಗಿಯಿತು.

ಪಿ.ಎಫ್. ವಿಷಯ. ಅದನ್ನು 60ನೇ ವರ್ಷದ ಬೆಲೆಗೆ ತಂದು ಕಳೆಯಬೇಕು. ಇತ್ತೀಚಿನ ಬಡ್ಡಿ 8.25 ಇದೆ, 22 ವರ್ಷಕ್ಕೆ ನಾನು 8 ಹಿಡಿಯುತ್ತೇನೆ. ಈಗಿನ 9 ಲಕ್ಷ ಸುಮಾರು 49 ಲಕ್ಷ ಆಗುತ್ತದೆ. ತಿಂಗಳ 5,950 ನಿಮ್ಮ ಸಂಬಳದ ಜೊತೆ ವರ್ಷಕ್ಕೆ 6 ಏರಿದರೆ ಇನ್ನೊಂದು 65 ಲಕ್ಷ. ಒಟ್ಟು 1.14 ಕೋಟಿ. ಇದರ ಷರತ್ತು ಒಂದೇ: ಕೆಲಸ ಬದಲಿಸಿದಾಗ, ಮದುವೆ ಮುಂಜಿ ಬಂದಾಗ ಅದಕ್ಕೆ ಕೈ ಹಾಕಬಾರದು. ಈ 9 ಲಕ್ಷ ಚಿಕ್ಕದು ಅನ್ನಿಸುತ್ತದೆ, ಆದರೆ 60ರಲ್ಲಿ ಅದು ಅರ್ಧ ಕೋಟಿ.

ಪಿ.ಎಫ್. ಜೊತೆ ಬರುವ ಪಿಂಚಣಿಯನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ. ಈಗಿನ ನಿಯಮದಲ್ಲಿ ಅದಕ್ಕೆ ಸಂಬಳದ ಮಿತಿ 15,000. 25ನೇ ವಯಸ್ಸಿಗೆ ಸೇರಿ 58ರ ತನಕ ದುಡಿದವರಿಗೂ ತಿಂಗಳಿಗೆ 7,500ರ ಆಸುಪಾಸು ಬರುತ್ತದೆ. ಆಗಿನ 7,500 ಅಂದರೆ ಇವತ್ತಿನ ಸುಮಾರು 2,100. ಅದಕ್ಕೂ ತುಟ್ಟಿಭತ್ಯೆ ಇಲ್ಲ. ಬಂದರೆ ಒಳ್ಳೆಯದು, ಅದನ್ನು ನೆಚ್ಚಿಕೊಳ್ಳುವ ಹಾಗಿಲ್ಲ.

ಹಾಗಾದರೆ ನೀವು ಬೇರೆಯಾಗಿ ಕೂಡಿಸಬೇಕಾದ್ದು 3.87ರಲ್ಲಿ 1.14 ಕಳೆದು 2.73 ಕೋಟಿ.

ಮಂಜು_ಮೈಸೂರು

2.73 ಕೋಟಿಗೆ ತಿಂಗಳ ಎಸ್‌ಐಪಿ ಎಷ್ಟು ಅಂತ ನೋಡಿದೆ. 22 ವರ್ಷ, 10 ಪರ್ಸೆಂಟ್ ಹಾಕಿದೆ. ಒಂದು ಕಡೆ 28,400 ಬಂತು, ಇನ್ನೊಂದು ಕಡೆ 30,250. ಒಂದೇ ಅಂಕಿ ಹಾಕಿದರೂ ಯಾಕೆ ಬೇರೆ ಬೇರೆ? ಅದಿರಲಿ, ಈಗ ನನ್ನ ಕೈಯಲ್ಲಿ 30,000 ಇಲ್ಲವೇ ಇಲ್ಲ. 15-16 ಸಾವಿರ ಕಷ್ಟಪಟ್ಟು ತೆಗೆಯಬಹುದು.

ವಸುಧಾ_ಲೆಕ್ಕ

ಎರಡೂ ಹೀಗೆ ಬಂದಿರುತ್ತವೆ:

```
=PMT((1+10%)^(1/12)-1, 264, 0, -27300000, 1)
=PMT(10%/12, 264, 0, -27300000, 1)
```

ಎರಡನೆಯದು 10 ಅನ್ನು ಸುಮ್ನೆ 12ರಿಂದ ಭಾಗಿಸುತ್ತದೆ. ಹಾಗೆ ತಿಂಗಳು ತಿಂಗಳು ಬೆಳೆಸಿದರೆ ವರ್ಷಕ್ಕೆ 10 ಅಲ್ಲ, 10.47 ಆಗಿಬಿಡುತ್ತದೆ. ಫಂಡ್‌ಗಳ ಆದಾಯವನ್ನು ವರ್ಷದ ಲೆಕ್ಕದಲ್ಲೇ ಹೇಳುವುದರಿಂದ ನಮಗೆ ಮೊದಲನೆಯದು ಸರಿ, 30,250.

30,000 ಇಲ್ಲ ಅಂತ ಕೈಬಿಡಬೇಡಿ. ಆ ಲೆಕ್ಕ 22 ವರ್ಷವೂ ಅದೇ ಮೊತ್ತ ಹಾಕುತ್ತೀರಿ ಅಂದುಕೊಳ್ಳುತ್ತದೆ. ಖರ್ಚು ಏರುತ್ತದೆ, ಸಂಬಳ ಏರುತ್ತದೆ, ಹೂಡಿಕೆ ಮಾತ್ರ ಅಲ್ಲೇ ನಿಂತಿರುವುದು ಸಹಜ ಅಲ್ಲ. ವರ್ಷಕ್ಕೆ 6 ಪರ್ಸೆಂಟ್ ಏರಿಸುತ್ತಾ ಹೋದರೆ 19,000ದಿಂದ ಶುರು ಮಾಡಬಹುದು. 8 ಏರಿಸಿದರೆ 16,000 ಸಾಕು. ನಿಮ್ಮ ಕೈಗೆಟುಕುವುದು ಇದೇ.

ಆದರೆ ಇದರ ಇನ್ನೊಂದು ತುದಿಯನ್ನೂ ನೋಡಿಕೊಳ್ಳಿ. ಕೊನೆಯ ವರ್ಷ ನೀವು ತಿಂಗಳಿಗೆ 80,500 ಹಾಕುತ್ತಿರಬೇಕು. ಇವತ್ತಿನ ಬೆಲೆಯಲ್ಲಿ ಅದು 23,700. ನಿಮ್ಮ ಸಂಬಳ ಬೆಲೆ ಏರಿಕೆಗಿಂತ ಸ್ವಲ್ಪ ಜಾಸ್ತಿ ಏರಿದರೆ ಮಾತ್ರ ಇದು ಆಗುವ ಮಾತು. ಐವತ್ತರ ಮೇಲೆ ಕೆಲಸ ಹೋದವರಿಗೆ, ಸಂಬಳ ನಿಂತವರಿಗೆ ಈ ಯೋಜನೆ ಅಲ್ಲೇ ಮುರಿಯುತ್ತದೆ. ಭಾರವನ್ನೆಲ್ಲ ಕೊನೆಗೆ ತಳ್ಳಿರುತ್ತೇವಲ್ಲ, ಅದಕ್ಕೆ.

ಕಿರಣ್_ಬಿಟಿಎಂ

10 ಯಾಕೆ ಮೇಡಂ, ಈಕ್ವಿಟಿಗೆ ಎಲ್ಲರೂ 12 ಹಾಕುತ್ತಾರೆ. 12 ಹಾಕಿದರೆ ಏರಿಸದೆಯೂ 23,100 ಸಾಕಾಗುತ್ತದೆ. ನಾನು ನನ್ನದಕ್ಕೆ 13 ಹಾಕಿಕೊಂಡಿದ್ದೇನೆ.

ವಸುಧಾ_ಲೆಕ್ಕ

ಮಂಜು ಅವರ ಹಣ 22 ವರ್ಷವೂ ಪೂರ್ತಿ ಷೇರು ಫಂಡ್‌ನಲ್ಲಿ ಇರುವುದಿಲ್ಲ ಕಿರಣ್. ನಿವೃತ್ತಿ ಹತ್ತಿರ ಬಂದಾಗ ಸ್ವಲ್ಪ ಸ್ವಲ್ಪವಾಗಿ ಸಾಲಪತ್ರದ ಫಂಡ್, ಎಫ್‌ಡಿ ಕಡೆ ತರಬೇಕು. 59ಕ್ಕೆ ಮಾರುಕಟ್ಟೆ ಬಿದ್ದರೆ ಕಾಯುವುದಕ್ಕೆ ವರ್ಷ ಉಳಿದಿರುವುದಿಲ್ಲ. ಹಾಗೆ ತಂದ ಹಣ 12 ಬೆಳೆಯುವುದಿಲ್ಲ. ಅದಕ್ಕೇ ಎಲ್ಲ ಸೇರಿ 10.

10 ಕೂಡ ಗ್ಯಾರಂಟಿ ಅಲ್ಲ. 16,000 ಶುರು ಮಾಡಿ 8 ಏರಿಸಿದರೂ, ಆದಾಯ 9 ಬಂದರೆ 2.73 ಬದಲು 2.46 ಕೋಟಿ ಆಗುತ್ತದೆ. ತೆರಿಗೆಯೂ ಇದೆ. ಷೇರು ಫಂಡ್‌ನ ದೀರ್ಘಾವಧಿ ಲಾಭದ ಮೇಲೆ ಈಗ ವರ್ಷಕ್ಕೆ 1.25 ಲಕ್ಷ ದಾಟಿದ್ದಕ್ಕೆ 12.5 ಪರ್ಸೆಂಟ್. ಎಲ್ಲವನ್ನೂ ಒಂದೇ ಸಲ ತೆಗೆದರೆ ಮಂಜು ಅವರಿಗೆ ಸುಮಾರು 20 ಲಕ್ಷ ಹೋಗುತ್ತದೆ. ವರ್ಷ ವರ್ಷ ಬೇಕಾದಷ್ಟೇ ತೆಗೆದರೆ ಕಡಿಮೆ.

ನಿವೃತ್ತಿ ಆದಮೇಲಿನ 7 ಕೂಡ ತೆರಿಗೆ ಕಳೆದು ಬರಬೇಕಾದ 7. ಬರೀ ಎಫ್‌ಡಿ ಇಟ್ಟರೆ ಅದು ಬರುವುದಿಲ್ಲ. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಈಗ 8.2 ಇದೆ, ಆದರೆ ಒಬ್ಬರಿಗೆ 30 ಲಕ್ಷದ ಮಿತಿ, ಬಡ್ಡಿಗೆ ತೆರಿಗೆ. ಹಾಗಾಗಿ 60ರ ಮೇಲೂ ಗಂಟಿನ ಒಂದು ಪಾಲು ಷೇರು ಫಂಡ್‌ನಲ್ಲೇ ಇರಬೇಕಾಗುತ್ತದೆ. ಎಷ್ಟು ಪಾಲು ಅನ್ನುವುದರಲ್ಲಿ ತಿಳಿದವರಲ್ಲೂ ಒಮ್ಮತ ಇಲ್ಲ.

ಕಿರಣ್_ಬಿಟಿಎಂ

ಹಿಂದಿನ 20 ವರ್ಷದ ಇಂಡೆಕ್ಸ್ ನೋಡಿದರೆ 10 ತುಂಬಾ ಕಡಿಮೆ ಹಿಡಿದ ಹಾಗಿದೆ. ಕಡಿಮೆ ಹಿಡಿದರೆ ಜನ ಹೆದರಿ ಶುರುವೇ ಮಾಡುವುದಿಲ್ಲ. ನಾನಂತೂ 12ಕ್ಕೇ ನಿಲ್ಲುತ್ತೇನೆ.

ಸುಮಾ_ಧಾರವಾಡ

ಎಲ್ಲರೂ 25 ವರ್ಷ, 85 ವಯಸ್ಸು ಅನ್ನುತ್ತಿದ್ದೀರಿ. ಅದು ಮಂಜು ಅವರ ವಯಸ್ಸು. ಅವರ ಹೆಂಡತಿಗೆ ಎಷ್ಟು ವಯಸ್ಸು ಅಂತ ಯಾರೂ ಕೇಳಲಿಲ್ಲ. ನಮ್ಮ ತಂದೆ ತೀರಿಕೊಂಡ ಮೇಲೆ ಅಮ್ಮ ಹನ್ನೊಂದು ವರ್ಷ ಇದ್ದರು. ಅಪ್ಪ ತಮ್ಮ ಆಯಸ್ಸಿಗೆ ಲೆಕ್ಕ ಹಾಕಿ ಹಣ ಇಟ್ಟಿದ್ದರು. ಕೊನೆಯ ವರ್ಷಗಳು ಅಮ್ಮನಿಗೆ ತುಂಬಾ ಕಷ್ಟ ಆಯಿತು. ಔಷಧಿಗೆ ನಮ್ಮ ಹತ್ತಿರ ಕೇಳುವುದಕ್ಕೂ ಹಿಂಜರಿಯುತ್ತಿದ್ದರು.

ಮಂಜು_ಮೈಸೂರು

ಅಕ್ಕ, ಅವಳಿಗೆ 33. ನನಗಿಂತ ಐದು ವರ್ಷ ಚಿಕ್ಕವಳು. ಇದು ನನಗೆ ಹೊಳೆದೇ ಇರಲಿಲ್ಲ.

ವಸುಧಾ_ಲೆಕ್ಕ

ಸುಮಾ ಅವರು ಎತ್ತಿದ್ದು ಇಡೀ ಚರ್ಚೆಯಲ್ಲಿ ಅತಿ ಮುಖ್ಯವಾದ ಮಾತು. ಅವರಿಗೆ 85 ಆಗುವ ತನಕ ಅಂದರೆ ನಿಮ್ಮ ನಿವೃತ್ತಿಯಿಂದ 30 ವರ್ಷ. 25ರ ಬದಲು 30 ಹಾಕಿ. ಬೇಕಾದ್ದು 4.54 ಕೋಟಿ ಆಗುತ್ತದೆ. 67 ಲಕ್ಷ ಜಾಸ್ತಿ. ಪಿ.ಎಫ್. ಕಳೆದರೆ 3.40 ಕೋಟಿ.

ಒಬ್ಬರೇ ಉಳಿದಾಗ ಖರ್ಚು ಇಬ್ಬರದಷ್ಟು ಇರುವುದಿಲ್ಲ ಅಂತ ಕೊನೆಯ ವರ್ಷಗಳಿಗೆ ಮುಕ್ಕಾಲು ಪಾಲು ಹಿಡಿಯುವವರಿದ್ದಾರೆ. ನಾನು ಹಿಡಿಯುವುದಿಲ್ಲ. ಊಟದ ಖರ್ಚು ಇಳಿಯಬಹುದು, ನೋಡಿಕೊಳ್ಳುವವರ ಖರ್ಚು ಏರುತ್ತದೆ.

ಶಿವಯೋಗಿ_ದಾವಣಗೆರೆ

ವಸುಧಾ ಮೇಡಂ, ನನ್ನ ಲೆಕ್ಕದಲ್ಲಿ ಬಿಟ್ಟಿದ್ದು ಗೊತ್ತಾಯಿತು. ಆದರೆ ಒಂದು ಪ್ರಶ್ನೆ. ಎಫ್‌ಡಿ ಬಡ್ಡಿ ಏರುವುದಿಲ್ಲ, ಒಪ್ಪಿದೆ. ಬಾಡಿಗೆ ಏರುತ್ತದಲ್ಲ? ನನ್ನ ಎರಡು ಮಳಿಗೆ ಬಾಡಿಗೆಗೆ ಕೊಟ್ಟಿದ್ದೇನೆ, ಕರಾರಿನಲ್ಲೇ ವರ್ಷಕ್ಕೆ 5 ಪರ್ಸೆಂಟ್ ಏರಿಕೆ ಬರೆಸಿದ್ದೇನೆ. ನೀವು ಹೇಳುವ ತುಟ್ಟಿಭತ್ಯೆ ಅದರಲ್ಲೇ ಬರುತ್ತದೆ. ಮಂಜು ಅವರು ಈ ಫಂಡ್ ಗಿಂಡ್ ಬಿಟ್ಟು ಮನೆ ಮೇಲೊಂದು ಮಹಡಿ ಕಟ್ಟಲಿ.

ವಸುಧಾ_ಲೆಕ್ಕ

ಇದರಲ್ಲಿ ಹುರುಳಿದೆ. ಬೆಲೆಯ ಜೊತೆ ಏರುವ ಆದಾಯವನ್ನು ಇವತ್ತಿನ ಖರ್ಚಿನಿಂದ ನೇರವಾಗಿ ಕಳೆಯಬಹುದು. ರಿಪೇರಿ, ಕಂದಾಯ, ಖಾಲಿ ಬಿದ್ದ ತಿಂಗಳು ಎಲ್ಲ ಕಳೆದು ಇವತ್ತಿನ ಬೆಲೆಯಲ್ಲಿ 8,000 ಕೈಗೆ ಬಂದರೆ, 40,000ದ ಬದಲು 32,000ಕ್ಕೆ ಲೆಕ್ಕ ಹಾಕಿದರಾಯಿತು. ಗಂಟಿನಲ್ಲಿ ಐದರಲ್ಲಿ ಒಂದು ಪಾಲು ಕಡಿಮೆ ಆಗುತ್ತದೆ.

ಆದರೆ ಮಹಡಿ ಕಟ್ಟುವ ಹಣ ಎಲ್ಲಿಂದ? ಮತ್ತೆ ಸಾಲ ಮಾಡಿದರೆ ಈ 16,000 ಅಲ್ಲಿಗೆ ಹೋಗುತ್ತದೆ. 75ರಲ್ಲಿ ಬಾಡಿಗೆದಾರರ ಹಿಂದೆ ಓಡಾಡುವುದೂ ಇದೆ.

ಶಿವಯೋಗಿ_ದಾವಣಗೆರೆ

ಓಡಾಡುವುದು ಇದ್ದೇ ಇದೆ. ಆದರೂ ಕಣ್ಣಿಗೆ ಕಾಣುವ ಆಸ್ತಿ. ನಾನು ನನ್ನ ಮಾತು ಬಿಡುವುದಿಲ್ಲ ಮೇಡಂ.

ಮಂಜು_ಮೈಸೂರು

ನನ್ನ ಯೋಜನೆ ಹೀಗೆ ಮಾಡಿದೆ, ನೋಡಿ ಹೇಳಿ. ಮುಂದಿನ ತಿಂಗಳಿಂದ 16,000. ಪ್ರತಿ ವರ್ಷ 8 ಪರ್ಸೆಂಟ್ ಏರಿಕೆ. 9 ವರ್ಷಕ್ಕೆ ಮನೆ ಸಾಲ ಮುಗಿಯುತ್ತದೆ. ಆ 19,000 ಕಂತನ್ನು ಮಾರನೇ ತಿಂಗಳಿಂದಲೇ ಇದೇ ಖಾತೆಗೆ ಸೇರಿಸುತ್ತೇನೆ, 13 ವರ್ಷ. ಹೇಗಿದ್ದರೂ ಆ ಹಣ ಇಲ್ಲದೇ ಬದುಕಿ ಅಭ್ಯಾಸ ಆಗಿರುತ್ತದೆ.

ವಸುಧಾ_ಲೆಕ್ಕ

ಒಳ್ಳೆಯ ಯೋಚನೆ. 19,000ದಿಂದ 13 ವರ್ಷಕ್ಕೆ ಸುಮಾರು 59 ಲಕ್ಷ ಆಗುತ್ತದೆ. ಮೊದಲಿನ 2.73 ಸೇರಿ 3.32 ಕೋಟಿ. ಬೇಕಾದ 3.40ಕ್ಕೆ 8 ಲಕ್ಷ ಕಡಿಮೆ. ಇಷ್ಟು ದೂರದ ಲೆಕ್ಕದಲ್ಲಿ 8 ಲಕ್ಷ ದೊಡ್ಡದಲ್ಲ. ಆದಾಯ 9ಕ್ಕೆ ಇಳಿದರೆ ಮಾತ್ರ ಒಟ್ಟು 3.01 ಕೋಟಿ, ಅಂದರೆ 39 ಲಕ್ಷ ಕಡಿಮೆ. ಅದನ್ನು ಮುಂಚೆಯೇ ಹಿಡಿಯಬೇಕು.

ಹೇಗೆ ಹಿಡಿಯುವುದು ಅಂತ ಹೇಳುತ್ತೇನೆ. ಐದನೇ ವರ್ಷ ಮುಗಿದಾಗ ಎರಡು ಅಂಕಿ ನೋಡಿ. ಎಸ್‌ಐಪಿಯಲ್ಲಿ 14.3 ಲಕ್ಷದ ಹತ್ತಿರ ಇರಬೇಕು. ಮನೆ ಖರ್ಚು, ಶಾಲೆ ಮತ್ತು ಕಂತು ಬಿಟ್ಟು, ತಿಂಗಳಿಗೆ 53,500ರ ಆಸುಪಾಸು ಇರಬೇಕು. ಮೊದಲನೆಯದು ಹೆಚ್ಚು ಕಡಿಮೆ ಆದರೆ ಗಾಬರಿ ಬೇಡ, ಐದು ವರ್ಷದಲ್ಲಿ ಮಾರುಕಟ್ಟೆ ಹಾಗೆ ಹೀಗೆ ಆಡುತ್ತದೆ. ಎರಡನೆಯದು 58,000 ಆಗಿದ್ದರೆ ಕೂತು ಪೂರ್ತಿ ಲೆಕ್ಕ ಮತ್ತೆ ಹಾಕಿ. ಏರಿದ್ದು ಬೆಲೆಯಾ, ನಿಮ್ಮ ಬದುಕಿನ ರೀತಿಯಾ ಅಂತ ನೋಡಿ. ಯಾವುದಾದರೂ ಬೇಕಾಗುವ ಗಂಟು ದೊಡ್ಡದಾಗಿರುತ್ತದೆ.

ಇನ್ನೊಂದು ಎಚ್ಚರಿಕೆ ನಿವೃತ್ತಿಯ ಆಮೇಲಿನದು. ಈ ಲೆಕ್ಕದಲ್ಲಿ ಗಂಟು ಮೊದಲ ದಿನದಿಂದ ಕರಗುವುದಿಲ್ಲ. 25 ವರ್ಷದ ಲೆಕ್ಕದಲ್ಲಿ ನೋಡಿದರೆ 3.87 ಕೋಟಿ ಬೆಳೆಯುತ್ತಾ 69ರ ಹೊತ್ತಿಗೆ 4.36 ಕೋಟಿ ಮುಟ್ಟುತ್ತದೆ. ಆಮೇಲೆ ಇಳಿಯಲು ಶುರುವಾಗಿ 85ಕ್ಕೆ ಖಾಲಿ. ತುಂಬಾ ಸಂಸಾರಗಳು ಜಾರುವುದು ಆ ಏರುವ ವರ್ಷಗಳಲ್ಲಿ. ಹಣ ಖರ್ಚು ಮಾಡಿದರೂ ಬೆಳೆಯುತ್ತಿದೆ ಅಂತ ಮಕ್ಕಳ ಫ್ಲ್ಯಾಟಿಗೆ, ವ್ಯಾಪಾರಕ್ಕೆ 50 ಲಕ್ಷ ಎತ್ತಿ ಕೊಡುತ್ತಾರೆ. ಹಾಗೆ ಹೆಚ್ಚಾಗಿ ಕಂಡದ್ದು ಎಪ್ಪತ್ತರ ಮೇಲಿನ ತುಟ್ಟಿಭತ್ಯೆ. ಆಗ ವರ್ಷದ ಖರ್ಚೇ 29 ಲಕ್ಷ ಆಗಿರುತ್ತದೆ.

ನಿವೃತ್ತ_ಮೇಷ್ಟ್ರು

ಈ ಕೊನೆಯ ಮಾತನ್ನು ನಾನು ಮಗನಿಗೆ ಓದಿ ಹೇಳುತ್ತೇನೆ. ಅವನಿಗೆ ಎನ್‌ಪಿಎಸ್ ಗಂಟು ಬರುವಾಗ ನಾನು ಇರುತ್ತೇನೋ ಇಲ್ಲವೋ.

ಸುಮಾ_ಧಾರವಾಡ

ಮಂಜು, ನಿಮ್ಮ 40,000ದ ಪಟ್ಟಿಯಲ್ಲಿ ಆರೋಗ್ಯ ವಿಮೆ ಕಾಣಲಿಲ್ಲ. ಈಗ ಕಂಪನಿಯದು ಇರಬೇಕು. ಅದು ನಿವೃತ್ತಿಗೆ ನಿಂತುಹೋದರೆ?

ಮಂಜು_ಮೈಸೂರು

ಹೌದು ಅಕ್ಕ, ಕಂಪನಿಯ ಗುಂಪು ವಿಮೆ ಮಾತ್ರ. ಸ್ವಂತದ್ದು ಇಲ್ಲ. ಇವತ್ತಿನ ಬೆಲೆಯಲ್ಲಿ ತಿಂಗಳಿಗೆ 2,500 ಅಂತ ಸೇರಿಸಿದರೆ ಗಂಟು ಎಷ್ಟು ಏರುತ್ತದೆ ಮೇಡಂ?

ವಸುಧಾ_ಲೆಕ್ಕ

30 ವರ್ಷದ ಲೆಕ್ಕದಲ್ಲಿ ಇವತ್ತಿನ ಪ್ರತಿ 1,000 ರೂಪಾಯಿ ತಿಂಗಳ ಖರ್ಚಿಗೆ 60ರಲ್ಲಿ 11.35 ಲಕ್ಷ ಬೇಕು. 4.54 ಕೋಟಿಯನ್ನು 40ರಿಂದ ಭಾಗಿಸಿದರೆ ಬರುವುದು ಅದೇ. ಹಾಗಾಗಿ 2,500ಕ್ಕೆ ಸುಮಾರು 28 ಲಕ್ಷ. ಅದೂ ಪ್ರೀಮಿಯಂ 6 ಪರ್ಸೆಂಟ್ ಮಾತ್ರ ಏರುತ್ತದೆ ಅಂದುಕೊಂಡರೆ. ವಯಸ್ಸಾದ ಹಾಗೆ ಪ್ರೀಮಿಯಂ ಅದಕ್ಕಿಂತ ಜೋರಾಗಿ ಏರುತ್ತದೆ, ಅದನ್ನು ಒಂದೇ ದರದಲ್ಲಿ ಹಿಡಿಯುವುದು ಸರಿಯಾಗುವುದಿಲ್ಲ. ಆರೋಗ್ಯದ ಖರ್ಚನ್ನು ಬೇರೆ ಸಾಲಿನಲ್ಲಿ, 9 ಅಥವಾ 10 ಏರಿಕೆ ಹಾಕಿ ಒಮ್ಮೆ ನೋಡಿ. ನಿಮ್ಮ ಈಗಿನ ಔಷಧಿ, ಡಾಕ್ಟರ ಖರ್ಚು ತಿಂಗಳಿಗೆ ಎಷ್ಟು ಅಂತ ಬಿಡಿಸಿ ಬರೆಯಿರಿ, ಅಲ್ಲಿಂದ ಮುಂದುವರಿಸೋಣ.